ಭೀಮರಾಯನಗುಡಿಯ ಆನ್‌ಲೈನ್ ಸೆಂಟರ್‌ಗಳಿಗೆ ಒಂದು ಬಹಿರಂಗ ಪತ್ರ

ಕಂಪ್ಯೂಟರ್ ಮುಂದೆ ಕೂತ ಅಣ್ಣಂದಿರೆ, ತಂಗಿಯರೆ,

ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಗೆ, ಕೃಷಿ ಕಾಲೇಜಿಗೆ ಎಂದು ಭೀಮರಾಯನಗುಡಿಗೆ ಬರುವ ರೈತರು ಅದೇ ಓಡಾಟದಲ್ಲಿ ನಿಮ್ಮಲ್ಲಿಗೂ ಬಂದು ಪಹಣಿ ತೆಗೆಸಿಕೊಳ್ಳುತ್ತಾರೆ. ಬೆಳೆ ಸಾಲಕ್ಕೆ ಅದು ಬೇಕೇ ಬೇಕು. ನೀವು ವಿಳಾಸದ ಪಟ್ಟಿಯಲ್ಲಿ land ಎಂದು ನಾಲ್ಕಕ್ಷರ ಹೊಡೆದು ಎಂಟರ್ ಒತ್ತುತ್ತೀರಿ. ಬರಬೇಕಾದದ್ದು landrecords.karnataka.gov.in. ಆದರೆ ಹಿಂದೆಂದೋ ಯಾರೋ ಹುಡುಕಾಟದಲ್ಲಿ ತೆರೆದಿದ್ದ, ಹೆಸರಿನಲ್ಲಿ ಅದನ್ನೇ ಹೋಲುವ ಖಾಸಗಿ ತಾಣವೊಂದು ತೆರೆದುಕೊಳ್ಳುತ್ತದೆ. ಅದು ಸರ್ಕಾರದ್ದಲ್ಲ. ರೈತನ ಮೊಬೈಲ್ ನಂಬರ್ ಕೇಳುತ್ತದೆ, ಹಣವನ್ನೂ ಕೇಳುತ್ತದೆ. ಪಕ್ಕದಲ್ಲಿ ನಿಂತ ರೈತನಿಗೆ ಯಾವುದು ಅಸಲಿ ಎಂದು ತಿಳಿಯುವ ದಾರಿಯಿಲ್ಲ. ಹೀಗಾಗಿ ಈ ಮಾತು ನಿಮಗೆ ಹೇಳಲೇಬೇಕಾಗಿದೆ.

ಬ್ರೌಸರ್ ಯಾವ ವಿಳಾಸವನ್ನು ಮೇಲೆ ತರಬೇಕೆಂದು ತೀರ್ಮಾನಿಸುವುದು ಬಳಕೆಯನ್ನು ನೋಡಿ. ಯಾವ ಪುಟವನ್ನು ಎಷ್ಟು ಸಲ ತೆರೆದಿರಿ, ಎಷ್ಟು ಇತ್ತೀಚೆಗೆ ತೆರೆದಿರಿ, ಈ ಅಕ್ಷರ ಹೊಡೆದಾಗ ಹಿಂದೆ ಯಾವುದನ್ನು ಆರಿಸಿದಿರಿ ಎಂಬುದೇ ಅದಕ್ಕೆ ಲೆಕ್ಕ. ಪುಟ ಅಸಲಿಯೋ ನಕಲಿಯೋ ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಅವಸರದಲ್ಲಿ ತಪ್ಪು ವಿಳಾಸಕ್ಕೆ ಎಂಟರ್ ಒತ್ತಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿ ಮೇಲೆ ಕೂರುತ್ತದೆ. ತೆರೆದು ತಕ್ಷಣ ಮುಚ್ಚಿದರೂ ಅದು ಭೇಟಿಯೇ.

ಬೇಸತ್ತ ಕೆಲವರು Ctrl+Shift+Delete ಒತ್ತಿ ಎಲ್ಲವನ್ನೂ ಒರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಕುಕೀಗಳಿಗೂ ಟಿಕ್ ಇದ್ದರೆ ನೀವು ಲಾಗಿನ್ ಆಗಿದ್ದ ತಾಣಗಳೆಲ್ಲ ನಿಮ್ಮನ್ನು ಹೊರದಬ್ಬುತ್ತವೆ, ಸಾಲಿನಲ್ಲಿ ನಿಂತವರೆದುರು ಮತ್ತೆ ಒಟಿಪಿಗೆ ಕಾಯಬೇಕು. ಅಸಲಿ ವಿಳಾಸವೂ ಮರೆತುಹೋಗುತ್ತದೆ. ಆಗ ಮತ್ತೆ ಹುಡುಕಾಟಕ್ಕೆ ಹೋಗುತ್ತೀರಿ, ಅಲ್ಲಿ ಅದೇ ಖಾಸಗಿ ತಾಣ ಮತ್ತೆ ಕಾದಿರುತ್ತದೆ.

ಬೇಕಾದದ್ದು Ctrl ಇಲ್ಲದ ಕೀಲಿ. ಕ್ರೋಮ್‌ನಲ್ಲಿ land ಎಂದು ಹೊಡೆಯಿರಿ, ಎಂಟರ್ ಒತ್ತಬೇಡಿ. ಕೆಳಮುಖದ ಬಾಣದ ಕೀಲಿಯಿಂದ ಆ ಬೇಡದ ಸಾಲಿಗೆ ಹೋಗಿ Shift+Delete ಒತ್ತಿ. ಅದೊಂದೇ ಸಾಲು ಹೋಗುತ್ತದೆ, ಉಳಿದದ್ದು ಇದ್ದಂತೆಯೇ ಇರುತ್ತದೆ. ಬೇಡದ್ದು ಮೊದಲ ಸಾಲಿನಲ್ಲೇ ಇದ್ದರೆ ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಬನ್ನಿ, ಇಲ್ಲವಾದರೆ ತಾನಾಗಿ ತುಂಬಿದ್ದ ಅಕ್ಷರಗಳಷ್ಟೇ ಅಳಿಯಬಹುದು. ಮೌಸ್ ರೂಢಿಯವರು ಸಾಲಿನ ಬಲತುದಿಯ × ಗುರುತನ್ನು ಒತ್ತಿದರೂ ಆಯಿತು. ಎಡ್ಜ್, ಫೈರ್‌ಫಾಕ್ಸ್‌ಗಳಲ್ಲೂ Shift+Delete ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ಆ ಸಾಲನ್ನು ಒತ್ತಿ ಹಿಡಿಯಬೇಕು.

ಇಷ್ಟಕ್ಕೇ ಬಿಟ್ಟರೆ ಕೆಲಸ ಅರ್ಧ. ಹೋದದ್ದು ಒಂದು ಪುಟ ಮಾತ್ರ. ಅದೇ ತಾಣದ ಅರ್ಜಿ ಪುಟ, ಹಣ ಕಟ್ಟುವ ಪುಟ ಹಿಸ್ಟರಿಯಲ್ಲಿ ಉಳಿದಿದ್ದರೆ ಮರುದಿನ ಅವು ಮೇಲೆ ಬರುತ್ತವೆ. ಕ್ರೋಮ್‌ನಲ್ಲಿ Ctrl+H ಒತ್ತಿ ಹಿಸ್ಟರಿ ತೆರೆದು, ಅಲ್ಲಿನ ಹುಡುಕುವ ಜಾಗದಲ್ಲಿ ಆ ತಾಣದ ಹೆಸರು ಹೊಡೆಯಿರಿ. ಬರುವ ಸಾಲುಗಳಿಗೆಲ್ಲ ಟಿಕ್ ಹಾಕಿ Delete ಕೊಡಿ. ಟಿಕ್ ಹಾಕುವ ಮುನ್ನ ವಿಳಾಸವನ್ನು ಕೊನೆಯತನಕ ಓದಿ. karnataka.gov.in ಎಂದು ಮುಗಿಯುವ ಸಾಲು ಉಳಿಯಬೇಕು. ಫೈರ್‌ಫಾಕ್ಸ್‌ನಲ್ಲಿ Forget About This Site ಎಂಬ ಆಯ್ಕೆಯೂ ಇದೆ. ಅದು ಆ ತಾಣದ ಕುಕೀ ಮೊದಲಾದವುಗಳನ್ನೂ ಒರೆಸುತ್ತದೆ, ಹಾಗಾಗಿ ಅದನ್ನು ಮತ್ತೆಂದೂ ಬೇಡದ ತಾಣಕ್ಕೆ ಮಾತ್ರ ಬಳಸಿ.

ಅಳಿಸಿದರೂ ಅಳಿಯದ ಸಾಲು ಕಂಡರೆ ಅದರ ಎಡಗಡೆಯ ಚಿತ್ರ ನೋಡಿ. ನಕ್ಷತ್ರವಿದ್ದರೆ ಯಾರೋ ಅದನ್ನು ಬುಕ್‌ಮಾರ್ಕ್ ಮಾಡಿಟ್ಟಿದ್ದಾರೆ, ಅಲ್ಲಿಂದಲೇ ತೆಗೆಯಬೇಕು. ಭೂತಗನ್ನಡಿ ಇದ್ದರೆ ಅದು ಸಾಮಾನ್ಯವಾಗಿ ಹುಡುಕಾಟದ ಸಂಸ್ಥೆ ಕಳಿಸುತ್ತಿರುವ ಊಹೆ. ನಿಮ್ಮ ಹಿಸ್ಟರಿ ಒರೆಸಿದರೆ ಅದು ಹೋಗುವುದಿಲ್ಲ.

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ land ಎಂದು ಹೊಡೆದು ಪರೀಕ್ಷಿಸಿ. ಅಸಲಿ ವಿಳಾಸ ಬರದಿದ್ದರೆ ಪೂರ್ತಿಯಾಗಿ ಒಮ್ಮೆ ಟೈಪ್ ಮಾಡಿ ತೆರೆದು, ಬುಕ್‌ಮಾರ್ಕ್ ಮಾಡಿಡಿ.

ಇದೇ ಪಟ್ಟಿಯಲ್ಲಿ ಗಿರಾಕಿಗಳ ಖಾಸಗಿ ಬದುಕೂ ಉಳಿಯುತ್ತದೆ. ಒಬ್ಬಾಕೆ ನಿಮ್ಮ ಕಂಪ್ಯೂಟರಿನಲ್ಲಿ ಕಾಯಿಲೆಯೊಂದರ ಬಗ್ಗೆ ಓದಿ ಹೋಗಿದ್ದರೆ, ಮುಂದೆ ಬಂದವನು ಎರಡಕ್ಷರ ಹೊಡೆದಾಗ ಅದು ಪರದೆಯ ಮೇಲೆ ಕಾಣುತ್ತದೆ. ಅಂಥ ಕೆಲಸಕ್ಕೆ ಕ್ರೋಮ್, ಎಡ್ಜ್‌ಗಳಲ್ಲಿ Ctrl+Shift+N, ಫೈರ್‌ಫಾಕ್ಸ್‌ನಲ್ಲಿ Ctrl+Shift+P ಒತ್ತಿ ಬೇರೆ ಕಿಟಕಿ ತೆರೆದುಕೊಡಿ, ಕೆಲಸ ಮುಗಿದೊಡನೆ ಅದನ್ನು ಮುಚ್ಚಿ. ಆ ಪುಟಗಳು ಹಿಸ್ಟರಿಗೆ ಸೇರುವುದಿಲ್ಲ.

ನಾಳೆ ಬೆಳಿಗ್ಗೆ ಅಂಗಡಿ ತೆರೆದೊಡನೆ, ಮೊದಲ ರೈತ ಬರುವ ಮುಂಚೆ, ನಿಮ್ಮ ಒಂದೊಂದು ಕಂಪ್ಯೂಟರಿನಲ್ಲೂ land ಎಂದು ಹೊಡೆದು ಏನು ಬರುತ್ತದೆ ನೋಡಿರಿ.

ನಿಮ್ಮ ಊರಿನ ಹಿತೈಷಿ