ಮಾವನವರ 3.45ರ ಮೆಸೇಜು

ನಮ್ಮ ಮಾವನವರಿಗೆ ಮಧ್ಯಾಹ್ನದ ಕಾಫಿ ತಡವಾದರೆ ನಡೆದೀತು, 3.45ರ ಮೆಸೇಜು ತಡವಾಗುವ ಹಾಗಿಲ್ಲ. ಮಾರ್ಕೆಟ್ಟು 3.30ಕ್ಕೆ ಬಾಗಿಲು ಹಾಕಿದ ಕಾಲುಗಂಟೆಗೆ ಟೆಲಿಗ್ರಾಮ್ 'ಟಿಣ್' ಅನ್ನಬೇಕು. ಯಾವ ಷೇರು ಎಷ್ಟಿದೆ, ಇವತ್ತು ಎಷ್ಟು ಬಂತು, ಕೊಂಡಾಗಿನಿಂದ ಎಷ್ಟು ಬಂತು, ಯಾವ ಅಲರ್ಟ್ ಹೊಡೆಯಿತು, ಎಲ್ಲ ಅದರಲ್ಲಿರಬೇಕು. ಅದನ್ನು ಬರೆದುಕೊಟ್ಟ ಪಾಪಿ ನಾನೇ.

ಮೊದಲ ದಿನ ಮೆಸೇಜು ಹೋದದ್ದು ರಾತ್ರಿ 9.15ಕ್ಕೆ. ಸರ್ವರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ ಓಡುತ್ತದೆ ಎಂಬುದು ಮರೆತಿತ್ತು. "ಅಳಿಯಂದಿರೇ, ನಿಮ್ಮ ದಲಾಲ್ ಸ್ಟ್ರೀಟು ಲಂಡನ್ನಿನಲ್ಲಿದೆಯೋ?" ಎಂದರು. 10.15 ಎಂದು ತಿದ್ದಿದೆ.

ಆಮೇಲೆ ಅಲರ್ಟಿನ ಕಾಟ. 500ರ ಕೆಳಗಿಳಿದರೆ ಹೇಳು ಎಂದಿದ್ದ ಷೇರು 480ರಲ್ಲಿ ಕಾಲು ಚಾಚಿ ಮಲಗಿತು, ಮೆಸೇಜು ದಿನವೂ ಅದನ್ನೇ ಕೂಗಿತು. "ಹೋದವರ ಸುದ್ದಿ ಒಂದು ಸಲ ಹೇಳಿದರೆ ಸಾಲದೇ?" ನಿಜವೇ. ಗೆರೆ ದಾಟಿದ ದಿನ ಮಾತ್ರ ಹೇಳಬೇಕು:

```
if prev_close >= limit and close < limit:
```

ಅಸಲಿ ಫಜೀತಿ 2024ರ ಅಕ್ಟೋಬರ್ 28ರಂದು. ರಿಲಯನ್ಸ್ ಒಂದಕ್ಕೊಂದು ಬೋನಸ್ ಕೊಟ್ಟಿತ್ತು. ಹಿಂದಿನ ವಹಿವಾಟಿನ ದಿನ ಸುಮಾರು 2,650 ಇದ್ದ ಬೆಲೆ ಅಂದು ಸುಮಾರು 1,330. ಮಾವನವರದು 40 ಷೇರು, ಕೊಂಡದ್ದು ತಲಾ 2,400ಕ್ಕೆ. ಬೆಲೆ ಅಂದೇ ಅರ್ಧವಾಯಿತು, ಬೋನಸ್ ಷೇರು ಅಂದೇ ಖಾತೆಗೆ ಬರಲಿಲ್ಲ. ನನ್ನ ಪ್ರೋಗ್ರಾಮು 40 ಅನ್ನು 1,330ರಿಂದ ಗುಣಿಸಿ, ನಷ್ಟ 42,800 ಎಂದು ಸಾರಿ, ಮೇಲೊಂದು ಅಲರ್ಟನ್ನೂ ಹೊಡೆಯಿತು. ಅತ್ತೆ ಫೋನಿನಲ್ಲಿ "ಇವರು ಮಾತೇ ಆಡ್ತಿಲ್ಲ ಕಣಪ್ಪಾ" ಎಂದರು. ಲೆಕ್ಕ ಸರಿಯಾಗಿದ್ದರೆ 80 ಷೇರು, ಸರಾಸರಿ 1,200, ಲಾಭ 10,400.

ಅವಸರದಲ್ಲಿ ತಿದ್ದಿದೆ: ಷೇರು ಎರಡರಷ್ಟು, ಕೊಂಡ ಬೆಲೆ ಅರ್ಧ, ಹಿಂದಿನ ದಿನದ ಮುಕ್ತಾಯದ ಬೆಲೆ ಅರ್ಧ, ಅಲರ್ಟಿನ ಗೆರೆಯೂ ಅರ್ಧ. ಮಾವನವರು ಚೇತರಿಸಿಕೊಂಡರು. ಬೋನಸ್ ಷೇರು ಖಾತೆಗೆ ಬಂದು ಬ್ರೋಕರಿನ ಪಟ್ಟಿಯೇ 80 ಎಂದ ದಿನ, ನನ್ನ ಪ್ರೋಗ್ರಾಮು ಅದನ್ನೂ ಎರಡರಿಂದ ಗುಣಿಸಿತು. 160 ಷೇರು, ಲಾಭ ಲಕ್ಷ ದಾಟಿತ್ತು. ಆ ಮೆಸೇಜಿನ ಬಗ್ಗೆ ಮಾತ್ರ ಯಾರೂ ದೂರು ಹೇಳಲಿಲ್ಲ!

ಈಗ ಬೋನಸ್ ತಾರೀಖು, ಪ್ರಮಾಣ ಎರಡನ್ನೂ ಮೊದಲೇ ಒಂದು ಕಡತದಲ್ಲಿ ಬರೆದಿಡುತ್ತೇನೆ. ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಇರುವವರೆಗೆ ಮಾತ್ರ ಗುಣಿಸು, ಹೊಸದು ಬಂದ ಕೂಡಲೇ ಕೈಬಿಡು ಎಂದು ಕಟ್ಟು ಹಾಕಿದ್ದೇನೆ. ಒಂದೇ ದಿನದಲ್ಲಿ ಯಾವುದಾದರೂ ಷೇರು ಶೇ. 20ಕ್ಕಿಂತ ಹೆಚ್ಚು ಬಿದ್ದರೆ ನಷ್ಟದ ಅಂಕಿಯ ಬದಲು "ಬೋನಸ್ಸೋ ಸ್ಪ್ಲಿಟ್ಟೋ, ಮೊದಲು ನೋಡಿ" ಎಂದು ಬರುತ್ತದೆ.

ಮಾವನವರು ಮೊನ್ನೆಯೂ ಕೇಳಿದರು, "ಆ 160ರ ಮೆಸೇಜು ಇನ್ನೊಂದು ಸಲ ಕಳಿಸಕ್ಕಾಗತ್ತಾ?"