ಐದಕ್ಕೆ ಹದಿನೈದು

ಭಾಷಣಕಾರನ ಪಾಲಿಗೆ ಐದು ನಿಮಿಷವೆಂಬುದು ಸುಖದ ಅವಧಿ. ಕನ್ನಡಕ ಏರಿಸಿ ಎರಡು ಹಾಳೆ ಓದಿ ಇಳಿದರೆ ಮುಗಿಯಿತು. ಕೇಳುಗರು ತಪ್ಪು ಹುಡುಕುವಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತದೆ. ಬೆಂಗಳೂರಿನ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆಂದು ಮಳೆನೀರು ಕೊಯ್ಲಿನ ಮೇಲೆ ಅಂಥ ಎರಡು ಹಾಳೆ ಬರೆದಿಟ್ಟು ನಾನು ನೆಮ್ಮದಿಯಾಗಿದ್ದೆ. ಕಾರ್ಯದರ್ಶಿಗಳ ಫೋನ್ ಬಂತು. "ಸಾರ್, ಮಿಮಿಕ್ರಿಯವರು ಕೈಕೊಟ್ಟರು. ನಿಮ್ಮದು ಹದಿನೈದು ನಿಮಿಷ ಮಾಡ್ಕೊಂಡ್ಬಿಡಿ. ನಿಮಗೇನು, ಎಳೆದ್ರೆ ಬರುತ್ತೆ."

ಎಳೆಯುವ ವಿದ್ಯೆಗೆ ನಮ್ಮಲ್ಲಿ ಬರವಿಲ್ಲ. ವೇದಿಕೆಯ ಮೇಲಿರುವವರನ್ನೆಲ್ಲ ಹೆಸರು, ಹುದ್ದೆ, ಗುಣಗಾನ ಸಹಿತ ಸಂಬೋಧಿಸಿದರೆ ಮೂರು ನಿಮಿಷ. ಪಂಚಭೂತಗಳನ್ನು ಒಂದೊಂದಾಗಿ ಮಾತನಾಡಿಸಿಕೊಂಡು ನೀರಿನ ಹತ್ತಿರ ಬರುವಷ್ಟರಲ್ಲಿ ಇನ್ನೆರಡು. "ಈ ಸಂದರ್ಭದಲ್ಲಿ ನಾನು ಹೇಳಬಯಸುವುದೇನೆಂದರೆ" ಎಂಬುದನ್ನು ಆಗಾಗ ಹೇಳುತ್ತ, ಹೇಳಬಯಸಿದ್ದನ್ನು ಹೇಳದೆ ಇದ್ದರೆ ಉಳಿದದ್ದೂ ಕಳೆಯುತ್ತದೆ. ಅಷ್ಟಾದರೂ ತಾರಸಿಯ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ. ತಿಳಿಸಾರಿಗೆ ನೀರು ಬೆರೆಸುವ ಈ ಪಾಕದಲ್ಲಿ ಬಡಿಸುವವನಿಗೆ ಮಾತ್ರ ಸಮಾಧಾನ. ಜೊಳ್ಳನ್ನು ಗುರುತಿಸುವುದೇನೂ ಕಷ್ಟವಲ್ಲ. ಭಾಷಣದ ಒಂದು ಸಾಲನ್ನು ಎತ್ತಿ ಯೋಗ ದಿನಾಚರಣೆಯ ಭಾಷಣದೊಳಗೆ ಇಟ್ಟುನೋಡಿ. ಅಲ್ಲೂ ಹಾಯಾಗಿ ಕೂತರೆ ಅದು ಜೊಳ್ಳು.

ನಾನು ನಿಮಿಷಕ್ಕೆ ತೊಂಬತ್ತು ಪದದ ಆಸಾಮಿ. ಹತ್ತು ನಿಮಿಷ ಹೆಚ್ಚಬೇಕೆಂದರೆ ಒಂಬೈನೂರು ಪದ ಬೇಕು. ಆದರೆ ಮೂರು ನಿಮಿಷದ ಮೂರು ಉದಾಹರಣೆ ಎಂದುಕೊಂಡರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಉಳಿದ ಒಂದು ನಿಮಿಷವನ್ನು ಕೀಚ್ ಎನ್ನುವ ಮೈಕು ನೋಡಿಕೊಳ್ಳುತ್ತದೆ. ಉದಾಹರಣೆ ಎಲ್ಲಿ ಬರಬೇಕೆಂದು ತಿಳಿಯಲು ಹಳೆಯ ಹಾಳೆಯನ್ನು ಮನೆಯಾಕೆಗೆ ಓದಿ ಹೇಳಿದೆ. "ತಾರಸಿಯಿಂದ ಸಾಕಷ್ಟು ನೀರು ದೊರೆಯುತ್ತದೆ" ಎನ್ನುವಲ್ಲಿ ಆಕೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ, "ಸಾಕಷ್ಟು ಅಂದ್ರೆ ಎಷ್ಟ್ರೀ?" ಎಂದಳು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಹೀಗೆ "ಅಂದ್ರೆ?" ಬಿದ್ದ ಕಡೆಯೆಲ್ಲ ಉದಾಹರಣೆಗೆ ಜಾಗವಿದೆ. ಬೀಳದ ಕಡೆ ತುರುಕಬಾರದು.

ಆ 'ಸಾಕಷ್ಟ'ನ್ನೇ ಬಿಡಿಸಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಸಾವಿರ ಚದರಡಿಯ ತಾರಸಿ ಸುಮಾರು 93 ಚದರ ಮೀಟರ್. ಸಂಜೆ 20 ಮಿಲಿಮೀಟರಿನ ಒಂದು ಮಳೆ ಹೊಡೆದರೆ 1,860 ಲೀಟರ್. ಸಿಡಿದದ್ದು, ಆರಿದ್ದು, ಕೊಳೆಯೆಂದು ಬಿಟ್ಟದ್ದನ್ನು ಕಳೆದರೂ 1,500 ಕೈಗೆ ಸಿಗುತ್ತದೆ. ಇಷ್ಟನ್ನೂ ವೇದಿಕೆಯಲ್ಲಿ ಗುಣಾಕಾರ ಸಮೇತ ಒಪ್ಪಿಸಿದರೆ ಹಿಂದಿನ ಸಾಲಿನವರು ಪಾನಕದ ಕಡೆ ಹೊರಡುತ್ತಾರೆ. ಹಾಗಾಗಿ ಬಾಯಲ್ಲಿ ಹೇಳುವುದು ಒಂದೇ: "ನಿನ್ನೆಯಂಥ ಒಂದು ಮಳೆಗೆ ನಿಮ್ಮ ತಾರಸಿಯಿಂದ ನೂರು ಬಕೆಟ್ ಚರಂಡಿಗೆ ಹೋಯಿತು." ಆಮೇಲೆ ಸುಮ್ಮನೆ ನಿಲ್ಲಬೇಕು. ಜನ ಅಕ್ಕಪಕ್ಕದವರ ಮುಖ ನೋಡಿಕೊಳ್ಳುವ ಆ ಹೊತ್ತೂ ನಮ್ಮ ಹದಿನೈದರ ಲೆಕ್ಕಕ್ಕೇ ಸೇರುತ್ತದೆ.

ಎರಡನೆಯ "ಅಂದ್ರೆ?" ಬಿದ್ದದ್ದು "ಸೂಕ್ತ ಎಚ್ಚರಿಕೆ ವಹಿಸಬೇಕು" ಎಂಬ ಸಾಲಿಗೆ. ಇದಕ್ಕೆ ಕೆಟ್ಟುಹೋದ ಕಥೆಯೇ ಬೇಕು. ಎಲ್ಲ ಸರಿಹೋದ ಕಥೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಪಕ್ಕದ ಬೀದಿಯ ಒಬ್ಬರು ತಾರಸಿಯ ಪೈಪನ್ನು ನೇರ ಸಂಪಿಗೇ ಇಳಿಸಿದ್ದರು. ಬೇಸಿಗೆಯುದ್ದಕ್ಕೂ ಕೂತ ಧೂಳು, ಪಾರಿವಾಳಗಳ ಕೊಡುಗೆ ಎಲ್ಲವೂ ಮೊದಲ ಮಳೆಗೆ ಒಳಗೆ ಹೋಗಿ, ನಲ್ಲಿ ತಿರುಗಿಸಿದರೆ ಕಲಕು ನೀರು, ಕೆಟ್ಟ ವಾಸನೆ. ಪೈಪಿನಿಂದ ಒಂದು ಕವಲು ತೆಗೆದು, ಮೊದಲ ಒಂದು ಮಿಲಿಮೀಟರಿನಷ್ಟು, ಎಂದರೆ ನಮ್ಮ ತಾರಸಿಯ ಲೆಕ್ಕದಲ್ಲಿ ತೊಂಬತ್ತು ಚಿಲ್ಲರೆ ಲೀಟರ್ ನೀರನ್ನು ಹೊರಗೆ ಬಿಟ್ಟು, ನಂತರದ್ದನ್ನು ಸೋಸಿ ಸಂಪಿಗೆ ಬಿಟ್ಟಿದ್ದರೆ ಈ ಪಾಡಿರಲಿಲ್ಲ. ಹೆಸರು ಹೇಳುವುದಿಲ್ಲವೆಂದು ಅವರಿಗೆ ಭರವಸೆ ಕೊಟ್ಟೆ. "ಹೇಳಿ ಸಾರ್, ಹಾಗಾದ್ರೂ ಮೈಕಲ್ಲಿ ನಮ್ಮ ಹೆಸರು ಬರಲಿ" ಎಂದರು.

ಈ ನಡುವೆ ಇಸ್ರೇಲ್ ನುಸುಳಲು ನೋಡಿತು. ನೀರಿನ ಭಾಷಣಕ್ಕೆ ಅದು ಕರೆಯದೆ ಬರುವ ಅತಿಥಿ. ಕೇಳುಗರು ಮನೆಗೆ ಹೋಗಿ ಇಸ್ರೇಲನ್ನು ಪರೀಕ್ಷಿಸುವಂತಿಲ್ಲ, ಸ್ವಂತ ತಾರಸಿಯನ್ನು ಹತ್ತಿ ನೋಡಬಹುದು; ಅದಕ್ಕೇ ಅದನ್ನು ಕೈಬಿಟ್ಟೆ. ಮೂರನೆಯದಕ್ಕೆ ನನ್ನ ಮಾತಿಗೇ ಎದುರು ಹೋಗುವ ಉದಾಹರಣೆ ಹಾಕಿದೆ: ಕಾವೇರಿ ನೀರು ಬಂದು ಸಂಪು ತುಂಬಿದ ದಿನವೇ ಮಳೆ ಬಂದರೆ ಕೊಯ್ದದ್ದನ್ನು ಇಡುವುದೆಲ್ಲಿ? ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡಬೇಕು. ಸಭೆಯಲ್ಲಿ ಯಾರೋ ಎದ್ದು ಕೇಳಲಿದ್ದ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಂತೆಯೂ ಆಯಿತು.

ನೀವೂ ಎಂದಾದರೂ ಹೀಗೆ ಸಿಕ್ಕಿಹಾಕಿಕೊಂಡರೆ, ಬರೆದದ್ದನ್ನು ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಓದಿ. ಮನಸ್ಸಿನಲ್ಲಿ ಓದಿದರೆ ಹದಿನೈದು ನಿಮಿಷ ಎಂಟಕ್ಕೇ ಮುಗಿದಂತೆ ಕಾಣುತ್ತದೆ. ಪ್ರತಿ ಉದಾಹರಣೆಯನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು, ಹಳೆಯ ಎರಡು ಹಾಳೆಯನ್ನು ಹಾಗೇ ಜೇಬಿನಲ್ಲಿಟ್ಟುಕೊಳ್ಳಿ. ಮುಖ್ಯ ಅತಿಥಿಗಳ ಕಾರು ಬಂದರೆ ಕಾರ್ಯದರ್ಶಿಗಳು ಚೀಟಿ ಕಳಿಸಿಯೇ ಕಳಿಸುತ್ತಾರೆ, ಹದಿನೈದು ಮತ್ತೆ ಐದಾಗುತ್ತದೆ.