ಶಿರಚ್ಛೇದ ಮೀಮಾಂಸೆ

ಭಿನ್ನರಾಶಿಯಲ್ಲಿ ಗೆರೆಯ ಕೆಳಗೆ ಕೂರುವ ಸಂಖ್ಯೆಗೆ ಛೇದವೆಂದು ಹೆಸರು. ಅಲ್ಲಿ ತಲೆಗಳ ಲೆಕ್ಕವನ್ನು ಕೂರಿಸುವುದು ಶಿರಚ್ಛೇದ. ಟಿಕ್ ಗುರುತುಗಳ ಲೆಕ್ಕವನ್ನು ಕೂರಿಸುವುದು ಟಿಕ್ಕಚ್ಛೇದ. ಎರಡನೆಯ ಪದಕ್ಕೆ ವ್ಯಾಕರಣದ ಬೆಂಬಲವಿಲ್ಲ. ಆ ಪದ್ಧತಿಗೆ ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯ ಖಜಾಂಚಿಗಳೊಬ್ಬರದೇ ಬೆಂಬಲ.

ಹಬ್ಬದ ಬೆಳಗಿನ ತಿಂಡಿಗೆ ಏನಾಗಬಹುದು, ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಿ ಎಂದು ಸಮಿತಿ ಕೇಳಿತು. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದ ತಿಂಡಿ ಮಾಡಿಸುವುದೆಂದು ನಿಯಮ. ಉತ್ತರಿಸಿದವರು 40 ಜನ. ಇಡ್ಲಿಗೆ 32 ಟಿಕ್, ದೋಸೆಗೆ 28, ಪೂರಿಗೆ 18, ಅವಲಕ್ಕಿಗೆ 12, ಉಪ್ಪಿಟ್ಟಿಗೆ 10. ಒಟ್ಟು 100.

ಗೂಗಲ್ ಫಾರ್ಮ್ಸ್ ತಾನಾಗಿಯೇ ಅಡ್ಡಪಟ್ಟಿಗಳ ಚಿತ್ರ ಬರೆದು ಇಡ್ಲಿ 80%, ದೋಸೆ 70% ಎಂದಿತು. ಖಜಾಂಚಿಗಳು ಎಲ್ಲವನ್ನೂ ಕೂಡಿ ನೋಡಿದರು: 250%. ಎಂದೂ ಒಂದು ಪೈಸೆ ಹೆಚ್ಚುಕಮ್ಮಿ ಮಾಡದವರು, ಬೆವರಿದರು. ಒಬ್ಬೊಬ್ಬರು ಸರಾಸರಿ ಎರಡೂವರೆ ತಿಂಡಿ ಒಪ್ಪಿದ್ದಾರೆ ಎಂಬುದಷ್ಟೇ ಆ 250ರ ಅರ್ಥ. ಅವರಿಗೆ ಅದು ಅಕ್ರಮವಾಗಿ ಕಂಡಿತು. ಹಾಳೆಯಲ್ಲಿ ಒಬ್ಬೊಬ್ಬರ ಉತ್ತರವೂ ಅಲ್ಪವಿರಾಮಗಳ ಸಮೇತ ಒಂದೇ ಮನೆಯಲ್ಲಿತ್ತು. ಅದನ್ನು ಒಡೆದು ಟಿಕ್ಕಿಗೊಂದು ಸಾಲು ಮಾಡಿದರು. 40 ಸಾಲು 100 ಆಯಿತು. ಆ ಸಾಲುಗಳಿಂದಲೇ ಭಾಗಿಸಿದರು. ಇಡ್ಲಿ 32%, ದೋಸೆ 28%. ಮೊತ್ತ ಸರಿಯಾಗಿ ನೂರು! ತಾಳೆಯಾದ ಲೆಕ್ಕ ತಪ್ಪಿರಲು ಸಾಧ್ಯವೇ ಎಂದು ಒಂದು ದುಂಡನೆಯ ಪೈ ಚಿತ್ರವನ್ನೂ ಬರೆದರು. (ಇದಕ್ಕೆ ಉಲ್ಟಾ ಪ್ರಮಾದವೂ ಇದೆ: 2009ರಲ್ಲಿ ಶಿಕಾಗೋದ ಟಿವಿ ವಾಹಿನಿಯೊಂದು ತಲೆಲೆಕ್ಕದ 70, 63, 60ನ್ನು ಪೈ ಚಿತ್ರದಲ್ಲಿ ತುರುಕಿ 193%ರ ವೃತ್ತ ತೋರಿಸಿತ್ತು.)

ಟಿಕ್ಕಚ್ಛೇದಕ್ಕೆ ಅದರದೇ ಆದ ಜಾಗವುಂಟು. ಒಟ್ಟು ಟಿಕ್ಕುಗಳಲ್ಲಿ ಯಾವ ತಿಂಡಿಯ ಪಾಲೆಷ್ಟು ಎಂಬ ಪ್ರಶ್ನೆಗೆ ಅದೇ ಉತ್ತರ. ಎಷ್ಟು ಜನರಿಗೆ ಇಡ್ಲಿ ಆದೀತು ಎಂಬುದಕ್ಕಲ್ಲ. ಪರೀಕ್ಷೆ ಸುಲಭ: ಪಟ್ಟಿಗೆ ‘ಕಾಫಿ’ ಸೇರಿಸಿ, 40 ಜನರೂ ಟಿಕ್ ಹಾಕಲಿ. ಟಿಕ್ಕುಗಳು 140 ಆಗಿ, ಇಡ್ಲಿ 32%ರಿಂದ ಸುಮಾರು 23%ಕ್ಕೆ ಕುಸಿಯುತ್ತದೆ. ಇಡ್ಲಿಯ ಮೇಲೆ ಯಾರೂ ಮುನಿಸಿಕೊಂಡಿಲ್ಲ. ತಲೆಲೆಕ್ಕದಲ್ಲಿ ಅದು 80ರಿಂದ ಕದಲುವುದೇ ಇಲ್ಲ.

ಶಿರಚ್ಛೇದದಲ್ಲೂ ಒಂದು ತೊಡಕಿದೆ. ಖಾಲಿ ಫಾರಂ ಕಳಿಸಿದವನ ತಲೆಯನ್ನು ಎಣಿಸಬೇಕೇ? ಓದಿ ಏನೂ ಬೇಡವೆಂದವನನ್ನು ಎಣಿಸಬೇಕು, ಪ್ರಶ್ನೆಯನ್ನೇ ದಾಟಿಹೋದವನನ್ನು ಬಿಡಬೇಕು. ಖಾಲಿ ಹಾಳೆ ನೋಡಿದರೆ ಇಬ್ಬರೂ ಒಂದೇ ಥರ. ಆದ್ದರಿಂದ ‘ಯಾವುದೂ ಬೇಡ’ ಎಂಬ ಮನೆಯೂ ಇರಬೇಕು, ಚಿತ್ರದ ಕೆಳಗೆ ‘ಉತ್ತರಿಸಿದವರು 40, ಒಬ್ಬರು ಹಲವನ್ನು ಆರಿಸಬಹುದಿತ್ತು’ ಎಂಬ ಸಾಲೂ ಇರಬೇಕು.

ಖಜಾಂಚಿಗಳ ಚಿತ್ರದಲ್ಲಿ ಯಾವ ತಿಂಡಿಯೂ ಅರ್ಧ ಮುಟ್ಟಲಿಲ್ಲ. ಬಹುಮತವಿಲ್ಲವೆಂದು ಅವರು ವಿವೇಚನಾಧಿಕಾರ ಬಳಸಿದರು. ಹಬ್ಬದ ಬೆಳಿಗ್ಗೆ 40 ಜನರಿಗೂ ಉಪ್ಪಿಟ್ಟು ಬಡಿಸಲಾಯಿತು.